ಮಜ್ಜೆ ಖಾಲಿ ಕಂಡಾಗ ಅಪ್ಲಾಸ್ಟಿಕ್ ಅನೀಮಿಯಾವೋ ಎಂಡಿಎಸ್ಸೋ ಎಂದು ಪತ್ತೆಹಚ್ಚುವ ಬಗೆ

ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿದಿವೆ. ಮಜ್ಜೆಯ ಬಯಾಪ್ಸಿಯಲ್ಲಿ ಕೊಬ್ಬೇ ತುಂಬಿದೆ. ವರದಿಯ ಕೊನೆಯ ಸಾಲಿನಲ್ಲಿ "ಅಪ್ಲಾಸ್ಟಿಕ್ ಅನೀಮಿಯಾ ಇರಬಹುದು" ಎಂದಿದೆ. ಶಿವಮೊಗ್ಗದಲ್ಲಿ ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಮೇಜಿಗೆ ಎರಡನೆಯ ಅಭಿಪ್ರಾಯಕ್ಕೆಂದು ಬರುವ ಮಜ್ಜೆಯ ಸ್ಲೈಡ್‌ಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಈ ಸಾಲೇ. ಖಾಲಿ ಮಜ್ಜೆ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದು ಚಿತ್ರ ಮಾತ್ರ. ಅದೇ ಚಿತ್ರವನ್ನು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಅಂದರೆ ಎಂಡಿಎಸ್, ಕೂಡ ತೋರಿಸಬಲ್ಲದು. ಎಂಡಿಎಸ್ ಇರುವವರಲ್ಲಿ ಬಹುಪಾಲು ಜನರ ಮಜ್ಜೆ ತುಂಬಿರುತ್ತದೆಯಾದರೂ, ಹತ್ತರಲ್ಲಿ ಒಬ್ಬರಿಗಾದರೂ ಅದು ಬರಿದಾಗಿರುತ್ತದೆ. ಎಷ್ಟು ಕೋಶಗಳು ಕಾಣೆಯಾಗಿವೆ ಎಂಬ ಲೆಕ್ಕದಿಂದ ಈ ಎರಡನ್ನು ಬೇರ್ಪಡಿಸಲಾಗದು. ಉಳಿದುಕೊಂಡಿರುವ ಕೋಶಗಳು ಹೇಗಿವೆ ಎಂಬುದನ್ನೇ ನೋಡಬೇಕಾಗುತ್ತದೆ.

ಎರಡೂ ಮಜ್ಜೆಯ ಸೋಲೇ ಹೌದು, ಆದರೆ ಸೋಲಿನ ಕಾರಣ ಬೇರೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ, ಹುಟ್ಟಿನಿಂದ ಬಂದ ಬಗೆಗಳನ್ನು ಬಿಟ್ಟರೆ, ದೇಹದ ಟಿ ಕೋಶಗಳೇ ರಕ್ತದ ಮೂಲಕೋಶಗಳ ಮೇಲೆ ಬಿದ್ದು ಅವನ್ನು ನಾಶಮಾಡುತ್ತವೆ. ಅಳಿದುಳಿದ ಮೂಲಕೋಶಗಳು ಕಡಿಮೆ ಇದ್ದರೂ ಬಹುಮಟ್ಟಿಗೆ ಸರಿಯಾಗಿರುತ್ತವೆ. ಎಂಡಿಎಸ್‌ನಲ್ಲಿ ಒಂದು ಮೂಲಕೋಶವೇ ಕೆಟ್ಟು, ಅದರ ಸಂತತಿ ಮಜ್ಜೆಯನ್ನು ಆಕ್ರಮಿಸಿ, ಹುಟ್ಟಿಸುವ ಕಣಗಳೆಲ್ಲ ವಿಕಾರಗೊಂಡು ಅರ್ಧದಲ್ಲೇ ಸಾಯುತ್ತವೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದರಲ್ಲಿ ಸಸಿಮಡಿಗೆ ದನ ನುಗ್ಗಿದೆ, ಎರಡನೆಯದರಲ್ಲಿ ಬೀಜವೇ ಕೆಟ್ಟಿದೆ. ದೂರದಿಂದ ನೋಡಿದರೆ ಎರಡು ಮಡಿಗಳೂ ಬೋಳಾಗಿ ಕಾಣುತ್ತವೆ.

ಪ್ರಕರಣ

ಹೊಸನಗರದ ಕಡೆಯ 54 ವರ್ಷದ ಅಡಿಕೆ ಕೊನೆಗಾರರೊಬ್ಬರು ಜುಲೈ ತಿಂಗಳಲ್ಲಿ ಬಂದರು. ಕೊಳೆಗೆ ಔಷಧಿ ಹೊಡೆಯುವ ಕೆಲಸ ಅರ್ಧಕ್ಕೆ ನಿಂತಿತ್ತು. "ಡಾಕ್ಟ್ರೇ, ಅರ್ಧ ಮರ ಹತ್ತೋದ್ರೊಳಗೆ ಎದೆ ಹೊಡ್ಕಳ್ತದೆ" ಎಂದರು. ಕಾಲಿನ ಮೇಲೆ ಚುಕ್ಕೆ ಚುಕ್ಕೆ ರಕ್ತದ ಕಲೆಗಳಿದ್ದವು. ಗುಲ್ಮ ಕೈಗೆ ಸಿಗಲಿಲ್ಲ, ಕುತ್ತಿಗೆಯಲ್ಲಿ ಗಂಟುಗಳಿರಲಿಲ್ಲ. ಗುಲ್ಮ ಸಿಕ್ಕಿದ್ದರೆ ಅಪ್ಲಾಸ್ಟಿಕ್ ಅನೀಮಿಯಾ ಎಂಬ ಯೋಚನೆಯನ್ನು ಅಲ್ಲಿಗೇ ಬದಿಗಿಟ್ಟು ಹೇರಿ ಸೆಲ್ ಲ್ಯುಕೀಮಿಯಾದಂತಹ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತಿತ್ತು.

ಹಿಮೋಗ್ಲೋಬಿನ್ 7.1 ಗ್ರಾಂ, ಕೆಂಪು ಕಣಗಳ ಸರಾಸರಿ ಗಾತ್ರ 106, ಬಿಳಿ ಕಣ 2,100, ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 38, ಪ್ಲೇಟ್‌ಲೆಟ್ 24,000. ರೆಟಿಕ್ಯುಲೋಸೈಟ್, ಅಂದರೆ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪು ಕಣ, ಶೇಕಡಾ 0.9 ಎಂದು ವರದಿಯಾಗಿತ್ತು. ಈ ಶೇಕಡಾ ಅಂಕಿಯನ್ನು ಹಾಗೆಯೇ ಓದಬಾರದು. ಒಟ್ಟು ಕೆಂಪು ಕಣಗಳೇ ಮೈಕ್ರೋಲೀಟರಿಗೆ 20 ಲಕ್ಷಕ್ಕೆ ಇಳಿದಿರುವಾಗ 0.9 ಎಂದರೆ 18,000 ಆಗುತ್ತದೆ, ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 25,000ಕ್ಕಿಂತ ಹೆಚ್ಚಿರುತ್ತದೆ. ಇಷ್ಟು ರಕ್ತಹೀನತೆ ಇದ್ದಾಗಲಂತೂ ಇನ್ನೂ ಏರಬೇಕಿತ್ತು. ಮಜ್ಜೆ ಕೆಲಸ ಮಾಡುತ್ತಿಲ್ಲ ಎಂಬುದು ಇಷ್ಟರಿಂದಲೇ ತಿಳಿಯಿತು. ಯಾಕೆ ಮಾಡುತ್ತಿಲ್ಲ ಎಂಬುದು ಇದರಿಂದ ತಿಳಿಯುವುದಿಲ್ಲ. ಕಣದ ಗಾತ್ರ ಹೆಚ್ಚಿರುವುದು ಎರಡೂ ಕಾಯಿಲೆಗಳಲ್ಲಿ ಕಾಣುವ ಸಂಗತಿ.

ಮಜ್ಜೆಗೆ ಸೂಜಿ ಹಾಕುವ ಮೊದಲು

ಮಲೆನಾಡಿನಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಇಳಿದವರನ್ನು ನೋಡಿದಾಗ ಮೊದಲು ನೆನಪಾಗುವುದು ಮಂಗನ ಕಾಯಿಲೆ ಮತ್ತು ಡೆಂಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ತನಕ ಹೆಚ್ಚು, ಮತ್ತು ಅದರಲ್ಲಿ ಎರಡೂ ಎಣಿಕೆಗಳು ಚೆನ್ನಾಗಿಯೇ ಕುಸಿಯುತ್ತವೆ. ಆದರೆ ಜ್ವರ ಬಿಟ್ಟ ಕೆಲವು ವಾರಗಳಲ್ಲಿ ಮೇಲೇರುತ್ತವೆ. ಆದ್ದರಿಂದ ಜ್ವರದ ನಡುವೆ ಮಜ್ಜೆ ತೆಗೆದು ಗೊಂದಲ ಮಾಡಿಕೊಳ್ಳುವ ಬದಲು ಹಳೆಯ ವರದಿ ಇದೆಯೇ ಎಂದು ಕೇಳುವುದು ಮೇಲು. ಈ ಕೊನೆಗಾರರ ಹೆಂಡತಿ ಪ್ಲಾಸ್ಟಿಕ್ ಚೀಲದಿಂದ ಮಾರ್ಚ್ ತಿಂಗಳ ಒಂದು ಚೀಟಿ ತೆಗೆದುಕೊಟ್ಟರು. ಆಗ ಜ್ವರ ಬಂದಿತ್ತು, ಮಂಗನ ಕಾಯಿಲೆಯ ಪರೀಕ್ಷೆ ನೆಗೆಟಿವ್ ಆಗಿತ್ತು, ಪ್ಲೇಟ್‌ಲೆಟ್ 41,000 ಇತ್ತು. ನಾಲ್ಕು ತಿಂಗಳಲ್ಲಿ ಏರದೆ ಇಳಿಯುತ್ತಲೇ ಹೋದ ಎಣಿಕೆಯನ್ನು ವೈರಸ್ಸಿನ ಲೆಕ್ಕಕ್ಕೆ ಹಾಕಲಾಗದು.

ಎರಡನೆಯದು ಬಿ12 ಕೊರತೆ. ಇದು ಎಂಡಿಎಸ್‌ನ ಚಿತ್ರವನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತದೆಂದರೆ, ಇದನ್ನು ಹೊರಗಿಡದೆ ಎಂಡಿಎಸ್ ಎಂಬ ಪದವನ್ನು ಬರೆಯಲೇಬಾರದು. ಇವರ ರಕ್ತದಲ್ಲಿ ಬಿ12 ಮಟ್ಟ ಧಾರಾಳವಾಗಿತ್ತು, ಆದರೆ ಆ ಅಂಕಿಗೆ ಬೆಲೆಯಿರಲಿಲ್ಲ, ಏಕೆಂದರೆ ರಕ್ತ ತೆಗೆಯುವ ಮೊದಲೇ ಊರಿನ ವೈದ್ಯರು ಬಿ12 ಇಂಜೆಕ್ಷನ್‌ಗಳನ್ನೂ ಫೋಲಿಕ್ ಆಮ್ಲವನ್ನೂ ಕೊಟ್ಟಿದ್ದರು. ಇಂತಹ ಸಂದರ್ಭದಲ್ಲಿ ಇಂಜೆಕ್ಷನ್ನನ್ನೇ ಪರೀಕ್ಷೆಯೆಂದು ತಿಳಿದುಕೊಳ್ಳಬಹುದು. ನಿಜವಾಗಿ ಕೊರತೆಯಿದ್ದರೆ ಸುಮಾರು ಒಂದು ವಾರದಲ್ಲಿ ರೆಟಿಕ್ಯುಲೋಸೈಟ್ ಜಿಗಿಯುತ್ತದೆ. ಇವರಿಗೆ ಮೊದಲ ಇಂಜೆಕ್ಷನ್ ಆಗಿ ಮೂರು ವಾರ ಕಳೆದಿದ್ದರೂ ಅದು 18,000ದಲ್ಲೇ ಇತ್ತು. ಬಿ12 ಪ್ರಶ್ನೆ ಅಲ್ಲಿಗೆ ಮುಗಿಯಿತು.

ಔಷಧಿಗಳ ಬಗ್ಗೆ ಕೇಳುವಾಗ ಮಾತ್ರೆಯ ಹಾಳೆಗಳನ್ನೇ ತರಿಸಿ ನೋಡಬೇಕು. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿದವರನ್ನು ಕಂಡಿದ್ದೇನೆ. ಇವರು ಅಂತಹದ್ದೇನೂ ತೆಗೆದುಕೊಂಡಿರಲಿಲ್ಲ, ಭಸ್ಮಗಳ ಅಭ್ಯಾಸವೂ ಇರಲಿಲ್ಲ. ಮನೆಯವರ ಅನುಮಾನವೆಲ್ಲ ಬೋರ್ಡೋ ದ್ರಾವಣದ ಮೈಲುತುತ್ತದ ಮೇಲಿತ್ತು. ತಾಮ್ರ ಮೈಗೆ ಹೆಚ್ಚಾದರೆ ಕೆಂಪು ಕಣಗಳು ಒಡೆಯುತ್ತವೆ, ಮಜ್ಜೆ ಬರಿದಾಗುವುದಿಲ್ಲ. ತಾಮ್ರ ಕಡಿಮೆಯಾದರೆ ಎಂಡಿಎಸ್‌ನಂತೆಯೇ ಕಾಣುತ್ತದೆ ಎಂಬುದು ಇಲ್ಲಿಯ ವಿಚಿತ್ರ. ಮೈಲುತುತ್ತ ಹೊಡೆಯುವವರಲ್ಲಿ ಆ ಕೊರತೆಯನ್ನು ನಾನು ನಿರೀಕ್ಷಿಸುವುದಿಲ್ಲ.

ಮೊದಲ ಮಜ್ಜೆ ಯಾಕೆ ದಾರಿ ತಪ್ಪಿಸಿತು

ಅವರೊಡನೆ ಬಂದಿದ್ದ ಮೊದಲ ಬಯಾಪ್ಸಿಯ ಸ್ಲೈಡನ್ನು ನೋಡಿದೆ. ತುಂಡಿನ ಉದ್ದ 6 ಮಿಲಿಮೀಟರ್. ಅದರಲ್ಲಿ ಒಂದು ತುದಿಯಲ್ಲಿ ಗಟ್ಟಿ ಮೂಳೆ, ಅದರ ಕೆಳಗೆ ಮಜ್ಜೆಯ ಎರಡು ಮೂರು ಕೋಣೆಗಳು, ಎಲ್ಲವೂ ಕೊಬ್ಬು. ವಯಸ್ಸಾದವರಲ್ಲಿ ಮೂಳೆಯ ಹೊರಪದರಕ್ಕೆ ತಾಗಿದ ಕೋಣೆಗಳು ಕಾಯಿಲೆಯಿಲ್ಲದೆಯೂ ಖಾಲಿಯಿರುತ್ತವೆ. ಮಜ್ಜೆಯಲ್ಲಿ ಕೋಶಗಳು ಎಷ್ಟಿರಬೇಕು ಎಂಬುದಕ್ಕೆ ನೂರರಿಂದ ವಯಸ್ಸನ್ನು ಕಳೆಯುವ ಸ್ಥೂಲ ಲೆಕ್ಕವೊಂದಿದೆ. ಇವರಿಗೆ ಶೇಕಡಾ 46ರ ಹತ್ತಿರ ಇರಬೇಕಿತ್ತು. ಆದರೆ ಆ ಲೆಕ್ಕ ಅನ್ವಯಿಸುವುದು ಒಳಗಿನ ಮಜ್ಜೆಗೆ. ಹೊರಪದರದ ಮೂರು ಕೋಣೆಗಳನ್ನು ನೋಡಿ ಅಪ್ಲಾಸ್ಟಿಕ್ ಎನ್ನುವುದು ಹೊಸ್ತಿಲು ನೋಡಿ ಮನೆ ಖಾಲಿ ಎಂದ ಹಾಗೆ. ಕನಿಷ್ಠ 15 ಮಿಲಿಮೀಟರ್ ಉದ್ದದ, ನಡುವೆ ನಜ್ಜುಗುಜ್ಜಾಗದ ತುಂಡಿಲ್ಲದಿದ್ದರೆ ಕೋಶಸಾಂದ್ರತೆಯ ಬಗ್ಗೆ ನಾನು ಅಂಕಿ ಬರೆಯುವುದಿಲ್ಲ.

ಸೂಜಿಯಲ್ಲಿ ಎಳೆದ ಮಜ್ಜೆಯ ದ್ರವವೂ ರಕ್ತ ಬೆರೆತು ತೆಳ್ಳಗಾಗಿತ್ತು. ಮೊದಲ ಎಳೆತದಲ್ಲಿ ಬರುವ ಅರ್ಧ ಮಿಲಿಲೀಟರಿನೊಳಗಿನ ದ್ರವವೇ ಸ್ಲೈಡಿಗೆ ಯೋಗ್ಯವಾದದ್ದು. ಅದಕ್ಕಿಂತ ಹೆಚ್ಚು ಎಳೆದಷ್ಟೂ ಬರುವುದು ರಕ್ತವೇ. ವರ್ಣತಂತುಗಳ ಪರೀಕ್ಷೆಗೆ ಬೇಕಾದ ಮೂರರಿಂದ ಐದು ಮಿಲಿಲೀಟರನ್ನು ಮೊದಲು ಎಳೆದು, ಉಳಿದದ್ದರಲ್ಲಿ ಸ್ಲೈಡ್ ಮಾಡಿದರೆ ಎಲ್ಲರ ಮಜ್ಜೆಯೂ ಖಾಲಿಯೇ. ಇಲ್ಲಿ ಆದದ್ದು ಇದೇ ಎಂದು ಸ್ಲೈಡಿನಲ್ಲಿ ಮಜ್ಜೆಯ ಕಣಿಕೆಗಳೇ ಇಲ್ಲದ್ದರಿಂದ ಊಹಿಸಿದೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ದ್ರವ ಸಾಮಾನ್ಯವಾಗಿ ಸಲೀಸಾಗಿ ಬರುತ್ತದೆ, ಗಾಜಿನ ಮೇಲೆ ಕೊಬ್ಬಿನ ಹನಿಗಳು ಮಿನುಗುತ್ತವೆ, ಕಣಿಕೆಗಳು ಕಾಣುತ್ತವೆ. ಆದರೆ ಆ ಕಣಿಕೆಗಳೊಳಗೆ ಕೊಬ್ಬಿನ ಬಲೆ, ಲಿಂಫೋಸೈಟ್, ಪ್ಲಾಸ್ಮಾ ಕೋಶ, ಮಾಸ್ಟ್ ಕೋಶಗಳಷ್ಟೇ ಇರುತ್ತವೆ. ದ್ರವ ಬರಲೇ ಇಲ್ಲವೆಂದರೆ ನಾರುಕಟ್ಟುವಿಕೆಯನ್ನು ಶಂಕಿಸಬೇಕು, ಮತ್ತು ಅದು ಎಂಡಿಎಸ್ ಕಡೆಗೆ ತೂಗುತ್ತದೆ.

ಬೆರಳ ತುದಿಯ ಹನಿ

ಈ ಪ್ರಕರಣದಲ್ಲಿ ಮೊದಲ ಸುಳಿವು ಸಿಕ್ಕಿದ್ದು ಮಜ್ಜೆಯಲ್ಲಲ್ಲ, ಸಾಧಾರಣ ರಕ್ತದ ಲೇಪದಲ್ಲಿ. ಹೊಸನಗರದಲ್ಲಿ ಬೆಳಿಗ್ಗೆ ತೆಗೆದು ಸಂಜೆ ನಮ್ಮಲ್ಲಿಗೆ ತಲುಪಿದ ಕೊಳವೆಯ ರಕ್ತದಿಂದ ಮಾಡಿದ ಸ್ಲೈಡಿನಲ್ಲಿ ಹಲವು ನ್ಯೂಟ್ರೋಫಿಲ್‌ಗಳ ಕೋಶಕೇಂದ್ರ ಮೂರು ನಾಲ್ಕು ಹಾಲೆಗಳಾಗುವ ಬದಲು ಕನ್ನಡಕದ ಎರಡು ಗಾಜುಗಳಂತೆ ಎರಡೇ ಹಾಲೆಗಳಾಗಿತ್ತು. ಒಳಗಿನ ಕಾಳುಗಳು ಮಾಯವಾಗಿ ಕೋಶ ತೊಳೆದಿಟ್ಟಂತೆ ಬಿಳುಚಿತ್ತು. ಇದು ಎಂಡಿಎಸ್‌ನ ಹಸ್ತಾಕ್ಷರ ಎನಿಸಿಕೊಂಡ ಚಿತ್ರ. ಆದರೂ ನಾನು ಅದನ್ನು ನಂಬಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಯಲ್ಲಿ ಹಲವು ಗಂಟೆ ಕುಳಿತ ರಕ್ತದಲ್ಲಿ ಕೋಶಕೇಂದ್ರಗಳು ಹೀಗೆಯೇ ಕೆಡುತ್ತವೆ, ಬಣ್ಣ ಸರಿಯಾಗಿ ಕೂರದಿದ್ದರೆ ಕಾಳುಗಳು ಕಾಣುವುದಿಲ್ಲ. ಮೇಲಾಗಿ ಆಷಾಢದ ಮಳೆಯಲ್ಲಿ ಸ್ಲೈಡ್ ಬೇಗ ಒಣಗುವುದಿಲ್ಲ. ನಿಧಾನವಾಗಿ ಒಣಗಿದ ಲೇಪದಲ್ಲಿ ಕೆಂಪು ಕಣಗಳಲ್ಲಿ ತೇವದ ತೂತುಗಳು ಮೂಡಿ, ಏನನ್ನೂ ಏನೆಂದಾದರೂ ಓದಬಹುದು.

ಆದ್ದರಿಂದ ಅವರನ್ನೇ ಕರೆಸಿ, ಬೆರಳು ಚುಚ್ಚಿ, ಕೊಳವೆಗೆ ಹಾಕದೆ ನೇರವಾಗಿ ಗಾಜಿನ ಮೇಲೆ ಹನಿಯೆಳೆದು, ಫ್ಯಾನಿನ ಕೆಳಗೆ ಕೂಡಲೇ ಒಣಗಿಸಿ, ಪಕ್ಕದಲ್ಲೇ ಪ್ರಯೋಗಾಲಯದ ಸಹಾಯಕನ ರಕ್ತದ ಸ್ಲೈಡನ್ನೂ ಅದೇ ಬಣ್ಣದ ತಟ್ಟೆಯಲ್ಲಿ ಹಾಕಿಸಿದೆ. ಸಹಾಯಕನ ನ್ಯೂಟ್ರೋಫಿಲ್‌ಗಳಲ್ಲಿ ಕಾಳುಗಳು ಸ್ಪಷ್ಟವಾಗಿದ್ದವು. ಕೊನೆಗಾರರ ನ್ಯೂಟ್ರೋಫಿಲ್‌ಗಳು ಹಾಗೆಯೇ ಬಿಳುಚಿದ್ದವು, ಎರಡು ಹಾಲೆಯವೇ ಇದ್ದವು. ತಾಳ್ಮೆಯಿಂದ ಎಣಿಸಿದಾಗ ನೂರಕ್ಕೆ ಸುಮಾರು ಮೂವತ್ತು ಹೀಗಿದ್ದವು. ಒಂದು ವಂಶದ ಕೋಶಗಳಲ್ಲಿ ಶೇಕಡಾ 10 ವಿಕಾರವಾಗಿದ್ದರೆ ಡಿಸ್‌ಪ್ಲೇಸಿಯಾ ಎನ್ನುವುದು ರೂಢಿ. ನ್ಯೂಟ್ರೋಫಿಲ್‌ಗಳಲ್ಲಿ ಇಂತಹ ವಿಕಾರವನ್ನು ಅಪ್ಲಾಸ್ಟಿಕ್ ಅನೀಮಿಯಾ ಉಂಟುಮಾಡುವುದಿಲ್ಲ.

ಎರಡನೆಯ ಮಜ್ಜೆ

ಸೊಂಟದ ಹಿಂಭಾಗದ ಮೂಳೆಯಿಂದ ಈ ಬಾರಿ 18 ಮಿಲಿಮೀಟರ್ ತುಂಡು ಸಿಕ್ಕಿತು. ಮಜ್ಜೆ ನಿಜವಾಗಿಯೂ ಖಾಲಿಯೇ ಇತ್ತು, ಕೋಶಗಳು ಶೇಕಡಾ 15. ಹಾಗಾಗಿ ಮೊದಲ ವರದಿ ಬರಿದು ಎಂದದ್ದು ಸರಿ, ಆದರೆ ಅದು ಸರಿಯಾದದ್ದು ಅದೃಷ್ಟದಿಂದ. ಉಳಿದ ಆ ಶೇಕಡಾ 15ರಲ್ಲಿ ಮೂರು ಸಂಗತಿಗಳನ್ನು ನೋಡಿದೆವು.

ಪ್ಲೇಟ್‌ಲೆಟ್‌ಗಳನ್ನು ಹುಟ್ಟಿಸುವ ಮೆಗಾಕ್ಯಾರಿಯೋಸೈಟ್ ಮಜ್ಜೆಯ ಅತಿ ದೊಡ್ಡ ಕೋಶ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಅದು ಕಾಣುವುದೇ ಅಪರೂಪ. ಇವರಲ್ಲಿ ಸಾಮಾನ್ಯ ಬಣ್ಣದಲ್ಲಿ ಅವು ಇಲ್ಲವೆಂದೇ ತೋರಿತು. ಅವನ್ನೇ ಗುರುತಿಸುವ ಸಿಡಿ61 ಬಣ್ಣ ಹಾಕಿಸಿದ ಮೇಲೆ, ಲಿಂಫೋಸೈಟ್ ಎಂದು ಕಣ್ಣು ದಾಟಿಸಿದ್ದ ಎಷ್ಟೋ ಸಣ್ಣ ಕೋಶಗಳು ಕಂದು ಬಣ್ಣಕ್ಕೆ ತಿರುಗಿದವು. ಒಂದೇ ದುಂಡು ಕೋಶಕೇಂದ್ರದ ಕುಬ್ಜ ಮೆಗಾಕ್ಯಾರಿಯೋಸೈಟ್‌ಗಳವು. ಎರಡು ಕಾಯಿಲೆಗಳನ್ನು ಬೇರ್ಪಡಿಸಲು ಕೋಶದ ರೂಪವೊಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಆರಿಸುವುದು ಇದನ್ನೇ.

ಎರಡನೆಯದು ಸಿಡಿ34 ಬಣ್ಣ, ಮೂಲಕೋಶಗಳನ್ನೂ ಎಳೆಯ ಬ್ಲಾಸ್ಟ್ ಕೋಶಗಳನ್ನೂ ತೋರಿಸುವಂತಹುದು. ಟಿ ಕೋಶಗಳ ದಾಳಿಗೆ ಗುರಿಯಾಗುವುದೇ ಈ ಕೋಶಗಳಾದ್ದರಿಂದ ಅಪ್ಲಾಸ್ಟಿಕ್ ಮಜ್ಜೆಯಲ್ಲಿ ಅವು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಶೇಕಡಾ 4ರಷ್ಟಿದ್ದವು, ಅಲ್ಲಲ್ಲಿ ನಾಲ್ಕೈದರ ಗುಂಪಾಗಿದ್ದವು. ಬಣ್ಣ ಹಾಕಿದ ಸ್ಲೈಡಿನಲ್ಲಿ ರಕ್ತನಾಳದ ಒಳಗೋಡೆಯೂ ಕಂದಾಗುತ್ತದೆ, ಅದನ್ನು ಎಣಿಸಬಾರದು.

ಮೂರನೆಯದು ವರ್ಣತಂತು. ಹೆಪಾರಿನ್ ಕೊಳವೆಯಲ್ಲಿ ಮಜ್ಜೆಯ ದ್ರವವನ್ನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳುಹಿಸಿದೆವು. ಇಲ್ಲಿ ಒಳ್ಳೆಯ ಉದ್ದೇಶದಿಂದಲೇ ಆಗುವ ತಪ್ಪೆಂದರೆ ಕೊಳವೆಯನ್ನು ಐಸಿನ ಮೇಲೆ ಇಡುವುದು. ಜೀವಂತ ಕೋಶಗಳು ವಿಭಜಿಸಿದರಷ್ಟೇ ಈ ಪರೀಕ್ಷೆ ಸಾಧ್ಯ, ಚಳಿಗೆ ಅವು ಸತ್ತರೆ ಎಲ್ಲವೂ ಮುಗಿಯುತ್ತದೆ. ಬರಿದಾದ ಮಜ್ಜೆಯಲ್ಲಿ ವಿಭಜಿಸುವ ಕೋಶಗಳೇ ಸಾಕಷ್ಟು ಸಿಗದೆ ಪರೀಕ್ಷೆ ವಿಫಲವಾಗುವುದೂ ಉಂಟು, ಆಗ 5, 7, 8ನೆಯ ವರ್ಣತಂತುಗಳಿಗೆ ಹೊಳೆಯುವ ಗುರುತು ಹಚ್ಚಿ ನೋಡುವ ಫಿಶ್ ಪರೀಕ್ಷೆಯನ್ನಾದರೂ ಕೇಳಬೇಕು. ನಮಗೆ ಇಪ್ಪತ್ತು ಕೋಶಗಳು ಸಿಕ್ಕವು, ವರದಿಯ ಸಾಲು ಹೀಗಿತ್ತು:

```
45,XY,-7[9]/46,XY[11]
```

ಅಂದರೆ ಇಪ್ಪತ್ತರಲ್ಲಿ ಒಂಬತ್ತು ಕೋಶಗಳಲ್ಲಿ ಏಳನೆಯ ವರ್ಣತಂತುವಿನ ಒಂದು ಪ್ರತಿ ಕಾಣೆಯಾಗಿತ್ತು. ಎಲ್ಲ ವರ್ಣತಂತು ದೋಷಗಳಿಗೂ ಇಷ್ಟು ತೂಕವಿಲ್ಲ. ಎಂಟನೆಯದು ಒಂದು ಹೆಚ್ಚಾಗಿರುವುದು, ಹದಿಮೂರನೆಯದರ ತುಂಡೊಂದು ಹೋಗಿರುವುದು ಅಪ್ಲಾಸ್ಟಿಕ್ ಅನೀಮಿಯಾದಲ್ಲೂ ಕಂಡುಬರುತ್ತವೆ, ಅವುಗಳನ್ನಷ್ಟೇ ನೋಡಿ ಎಂಡಿಎಸ್ ಎನ್ನಲಾಗದು. ಜೀನ್ ಪರೀಕ್ಷೆಯಲ್ಲಿ ಒಂಟಿಯಾಗಿ ಕಾಣುವ ಸಣ್ಣ ಡಿಎನ್‌ಎಂಟಿ3ಎ ಅಥವಾ ಎಎಸ್‌ಎಕ್ಸ್‌ಎಲ್1 ದೋಷದ ಮಾತೂ ಅಷ್ಟೇ. ಆದರೆ ಏಳನೆಯದು ಇಲ್ಲವಾಗಿರುವುದು, ಜೊತೆಗೆ ಕುಬ್ಜ ಮೆಗಾಕ್ಯಾರಿಯೋಸೈಟ್, ಬಿಳುಚಿದ ನ್ಯೂಟ್ರೋಫಿಲ್. ಬರಿದಾದ ಮಜ್ಜೆಯ ಎಂಡಿಎಸ್ ಎಂದು ವರದಿ ಬರೆದೆವು.

ಎದುರು ದಿಕ್ಕಿನ ತಪ್ಪು

ಕೆಲವು ತಿಂಗಳ ಬಳಿಕ ತೀರ್ಥಹಳ್ಳಿ ಕಡೆಯ 24 ವರ್ಷದ ಯುವತಿಯ ಮಜ್ಜೆ ಬಂತು. ಹೊರಗಿನ ವರದಿ ಎಂಡಿಎಸ್ ಎಂದಿತ್ತು. ಕಾರಣ, ಕೆಂಪು ಕಣಗಳ ತಾಯಿಕೋಶಗಳಲ್ಲಿ ಕೋಶಕೇಂದ್ರ ಮೊಳಕೆಯೊಡೆದಂತೆ ವಿಕಾರವಾಗಿತ್ತು. ಈ ವಿಕಾರ ಅಪ್ಲಾಸ್ಟಿಕ್ ಅನೀಮಿಯಾದಲ್ಲೂ ಸಾಮಾನ್ಯವಾಗಿ ಕಾಣುತ್ತದೆ, ಕೆಂಪು ವಂಶದ ವಿಕಾರವೊಂದರಿಂದಲೇ ತೀರ್ಪು ಕೊಡಬಾರದು. ಆಕೆಯಲ್ಲಿ ಮೆಗಾಕ್ಯಾರಿಯೋಸೈಟ್‌ಗಳು ಸಿಡಿ61 ಬಣ್ಣದಲ್ಲೂ ಇರಲಿಲ್ಲ, ಸಿಡಿ34 ಕೋಶಗಳಿಗಾಗಿ ಹುಡುಕಬೇಕಿತ್ತು, ವರ್ಣತಂತುಗಳು ಸರಿಯಿದ್ದವು. ಫ್ಲೇರ್ ಎಂಬ ಹೊಳೆಯುವ ಗುರುತು ಬಳಸಿ, ಹೊರಮೈಯ ಕೆಲವು ಪ್ರೋಟೀನುಗಳನ್ನು ಕಳೆದುಕೊಂಡ ಕೋಶಗಳನ್ನು ಹುಡುಕಲು ಫ್ಲೋ ಸೈಟೋಮೆಟ್ರಿಯಲ್ಲಿ ಮಾಡುವ ಪಿಎನ್‌ಎಚ್ ಪರೀಕ್ಷೆಯಲ್ಲಿ ಗ್ರಾನ್ಯುಲೋಸೈಟ್‌ಗಳ ಶೇಕಡಾ 3ರಷ್ಟು ಕೋಶಗಳು ಬೇರೆಯಾಗಿ ನಿಂತವು. ಅಪ್ಲಾಸ್ಟಿಕ್ ಅನೀಮಿಯಾ ಇರುವವರಲ್ಲಿ ಅರ್ಧದಷ್ಟು ಜನರಲ್ಲಿ ಇಂತಹ ಸಣ್ಣ ಪಂಗಡ ಸಿಗುತ್ತದೆ. ಟಿ ಕೋಶಗಳ ದಾಳಿಯಿಂದ ತಪ್ಪಿಸಿಕೊಂಡು ಉಳಿದ ಕೋಶಗಳವು ಎಂಬುದು ಒಪ್ಪಿತವಾದ ವಿವರಣೆ. ಎಂಡಿಎಸ್‌ನಲ್ಲಿ ಅವು ಎಂದೂ ಇರುವುದಿಲ್ಲ ಎನ್ನುವಂತಿಲ್ಲವಾದ್ದರಿಂದ ಇದನ್ನು ಉಳಿದ ಸಾಕ್ಷ್ಯಗಳೊಡನೆ ಸೇರಿಸಿಯೇ ಓದಬೇಕು.

ನ್ಯೂಟ್ರೋಫಿಲ್ 310, ಪ್ಲೇಟ್‌ಲೆಟ್ 8,000 ಇದ್ದುದರಿಂದ ಆಕೆಯದು ತೀವ್ರ ಬಗೆಯದು. ಮಜ್ಜೆಯ ಕೋಶಸಾಂದ್ರತೆ ಶೇಕಡಾ 25ಕ್ಕಿಂತ ಕೆಳಗಿದ್ದು, ನ್ಯೂಟ್ರೋಫಿಲ್ 500ಕ್ಕಿಂತ, ಪ್ಲೇಟ್‌ಲೆಟ್ 20,000ಕ್ಕಿಂತ, ಕೈಯಲ್ಲಿ ಎಣಿಸಿದ ರೆಟಿಕ್ಯುಲೋಸೈಟ್ 20,000ಕ್ಕಿಂತ ಕಡಿಮೆ ಎಂಬ ಮೂರರಲ್ಲಿ ಎರಡಿದ್ದರೆ ತೀವ್ರ ಎನ್ನುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಹೊಸದೇನಲ್ಲ, ಆದ್ದರಿಂದ ಎಳೆಯ ವಯಸ್ಸಿನವರಲ್ಲಿ ತಂದೆತಾಯಿಗಳ ಸಂಬಂಧವನ್ನು ಕೇಳಿ, ಹೆಬ್ಬೆರಳು, ಎತ್ತರ, ಚರ್ಮದ ಕಂದು ಮಚ್ಚೆ ನೋಡಿ, ಹುಟ್ಟಿನಿಂದ ಬರುವ ಫ್ಯಾಂಕೋನಿ ಅನೀಮಿಯಾಕ್ಕಾಗಿ ವರ್ಣತಂತು ಮುರಿತದ ಪರೀಕ್ಷೆ ಮಾಡಿಸಬೇಕು. ಅದಿದ್ದರೆ ರೋಗನಿರೋಧ ತಗ್ಗಿಸುವ ಚಿಕಿತ್ಸೆ ಫಲಿಸುವುದಿಲ್ಲ, ಮಜ್ಜೆ ಕಸಿಗೆ ಮೊದಲು ಕೊಡುವ ಔಷಧಿಗಳನ್ನೂ ಬಹಳ ತಗ್ಗಿಸಬೇಕಾಗುತ್ತದೆ. ಆಕೆಯಲ್ಲಿ ಪರೀಕ್ಷೆ ಸರಿಯಾಗಿ ಬಂತು.

ಹೆಸರು ಬದಲಾದರೆ ಏನು ಬದಲಾಗುತ್ತದೆ

ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಸುಮಾರು 40 ವರ್ಷದೊಳಗಿನವರಿಗೆ ಹೊಂದುವ ಒಡಹುಟ್ಟಿದವರಿದ್ದರೆ ಮಜ್ಜೆ ಕಸಿಯೇ ಮೊದಲ ಆಯ್ಕೆ. ಇಲ್ಲದಿದ್ದರೆ ರೋಗನಿರೋಧ ತಗ್ಗಿಸುವ ಕುದುರೆಯ ಎಟಿಜಿ, ಸೈಕ್ಲೋಸ್ಪೋರಿನ್, ಜೊತೆಗೆ ಮಜ್ಜೆಯನ್ನು ಪ್ರಚೋದಿಸುವ ಎಲ್ಟ್ರೊಂಬೊಪ್ಯಾಗ್. ಯುವತಿಗೆ ಒಡಹುಟ್ಟಿದವರಿರಲಿಲ್ಲ, ಈ ಮೂರು ಔಷಧಿಗಳನ್ನು ಕೊಡಲಾಯಿತು. ಕೊನೆಗಾರರಿಗೆ ಇದೇ ಚಿಕಿತ್ಸೆ ಕೊಟ್ಟಿದ್ದರೆ, ಏಳನೆಯ ವರ್ಣತಂತು ಕಳೆದುಕೊಂಡ ಕೋಶಗಳು ರಕ್ತದ ಕ್ಯಾನ್ಸರಿನತ್ತ ಸಾಗುವ ಅಪಾಯವಿದ್ದಾಗ, ತಿಂಗಳುಗಟ್ಟಲೆ ಕಾಯುವುದರಲ್ಲಿ ಸಮಯ ಹೋಗುತ್ತಿತ್ತು. ಬರಿದಾದ ಮಜ್ಜೆಯ ಎಂಡಿಎಸ್ ಇರುವ ಕೆಲವರು ರೋಗನಿರೋಧ ತಗ್ಗಿಸುವ ಔಷಧಿಗೆ ಸ್ಪಂದಿಸುತ್ತಾರೆ, ಆದರೆ ಅದು ವರ್ಣತಂತು ಸರಿಯಿರುವವರ ಮಾತು. ಇವರಿಗೆ ಎಂಡಿಎಸ್‌ಗೆ ಕೊಡುವ ಅಜಾಸಿಟಿಡಿನ್ ಆರಂಭಿಸಿ, ಮಜ್ಜೆ ಹೊಂದುತ್ತದೆಯೇ ಎಂದು ತಿಳಿಯಲು ತಂಗಿಯ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿ, ಕಸಿ ಕೇಂದ್ರಕ್ಕೆ ಕಳುಹಿಸಲಾಯಿತು.

ದೇಹ ಮುಂದೆ ಅವರ ಮಜ್ಜೆಯನ್ನು ತಿರಸ್ಕರಿಸದಿರಲೆಂದು, ಕಸಿಯ ಸಾಧ್ಯತೆ ಇರುವವರಿಗೆ ಮನೆಯವರ ರಕ್ತವನ್ನು ಕೊಡಿಸಬಾರದು ಎಂಬುದನ್ನು ಈ ಹಂತಕ್ಕೆ ಬರುವ ಮೊದಲೇ, ಖಾಲಿ ಮಜ್ಜೆ ಎಂಬ ಅನುಮಾನ ಬಂದ ದಿನವೇ ಹೇಳಬೇಕು. ತಂಗಿ ರಕ್ತ ಕೊಡಲು ಸಿದ್ಧಳಾಗಿ ಬಂದಿದ್ದಳು. "ನಿಮ್ಮ ರಕ್ತ ಈಗ ಬೇಡ ಅಮ್ಮಾ, ಮುಂದೆ ನಿಮ್ಮ ಮಜ್ಜೆಯೇ ಬೇಕಾಗಬಹುದು" ಎಂದು ವಿವರಿಸಿ ಕಳುಹಿಸಿದೆವು.

ಅಪ್ಲಾಸ್ಟಿಕ್ ಅನೀಮಿಯಾ ಎಂದು ಸರಿಯಾಗಿಯೇ ಗುರುತಿಸಿ ಚಿಕಿತ್ಸೆ ಕೊಟ್ಟವರಲ್ಲೂ ಶೇಕಡಾ 10ರಿಂದ 15 ಜನರಲ್ಲಿ ವರ್ಷಗಳ ಬಳಿಕ ಎಂಡಿಎಸ್ ತಲೆದೋರುತ್ತದೆ. ಹಾಗಾಗಿ ಯುವತಿಯ ಮಜ್ಜೆಯನ್ನು ಆರು ತಿಂಗಳಿಗೆ ಮತ್ತೆ ನೋಡಿದೆವು: ಕೋಶಸಾಂದ್ರತೆ ಶೇಕಡಾ 35ಕ್ಕೆ ಏರಿತ್ತು, ಮೆಗಾಕ್ಯಾರಿಯೋಸೈಟ್‌ಗಳು ಮರಳಿದ್ದವು, ಎಲ್ಲವೂ ದೊಡ್ಡವೇ. ಇಪ್ಪತ್ತು ಕೋಶಗಳಲ್ಲೂ ಏಳನೆಯ ವರ್ಣತಂತುವಿನ ಎರಡು ಪ್ರತಿಗಳಿದ್ದವು. ಮುಂದಿನ ಮಜ್ಜೆಯನ್ನು ಒಂದು ವರ್ಷಕ್ಕೆ ಬರೆದಿಟ್ಟಿದ್ದೇವೆ.